ಮೊದಲು ಬಣ್ಣ, ಆಮೇಲೆ ಅಂಚು

"ಮಾಡೆಲ್ ಚೆನ್ನಾಗಿ ಟ್ರೇನ್ ಆಗಿದೆ ಸರ್, ಪ್ರಿವ್ಯೂನಲ್ಲಿ ಮುಖ ಸರಿಯಾಗಿದೆ. ವೀಡಿಯೋಗೆ ಅಂಟಿಸಿದ ತಕ್ಷಣ ಮುಖದ ಸುತ್ತ ಗೆರೆ ಕಾಣುತ್ತೆ. ಎರೋಡ್, ಬ್ಲರ್, ಕಲರ್ ಟ್ರಾನ್ಸ್‌ಫರ್ ಎಷ್ಟೆಷ್ಟು ಇಡಬೇಕು?"

ಗೆರೆ ಕಂಡಾಗ ಎಲ್ಲರ ಕೈಯೂ ಮೊದಲು ಬ್ಲರ್ ಕಡೆ ಹೋಗುತ್ತದೆ. ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ. ಮೊದಲು ಬಣ್ಣ, ಆಮೇಲೆ ಎರೋಡ್, ಕೊನೆಗೆ ಬ್ಲರ್. ಇದರ ಕಾರಣ ಗೊತ್ತಾದರೆ ಸಂಖ್ಯೆಗಳನ್ನು ನೀವೇ ಹುಡುಕಿಕೊಳ್ಳುತ್ತೀರಿ. ವೀಡಿಯೋದಲ್ಲಿ ಒಬ್ಬರ ಮುಖದ ಮೇಲೆ ಇನ್ನೊಬ್ಬರ ಮುಖ ಕೂರಿಸುವ ಈ ಕೆಲಸವನ್ನು ನಾನು ಮಾಡುವುದು DeepFaceLabನಲ್ಲಿ, ಹಾಗಾಗಿ ಹೆಸರುಗಳೆಲ್ಲ ಅಲ್ಲಿನವು. ಬೇರೆ ಸಾಧನಗಳಲ್ಲೂ ಒಳಗಿನ ಲೆಕ್ಕ ಹೆಚ್ಚುಕಡಿಮೆ ಇದೇ.

ಒಂದು ಕಿರುಚಿತ್ರದ ಶಾಟ್ ಇಟ್ಟುಕೊಂಡು ಹೇಳುತ್ತೇನೆ. ಅವಳಿ ಅಣ್ಣತಮ್ಮಂದಿರ ಕಥೆ, ಎರಡೂ ಪಾತ್ರಕ್ಕೆ ಒಬ್ಬನೇ ನಟ. ತಮ್ಮನ ಜಾಗದಲ್ಲಿ ಡೂಪ್ ಕೂತಿದ್ದರು. ಅವರ ಮುಖದ ಮೇಲೆ ನಟನ ಮುಖ ಬರಬೇಕಿತ್ತು. ಇಬ್ಬರಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೆವು. ಅದಿಲ್ಲದೆ ನಾನು ಯಾರ ಮುಖವನ್ನೂ ಮುಟ್ಟುವುದಿಲ್ಲ. ಶಾಟ್ ಎಂಟೂವರೆ ಸೆಕೆಂಡಿನದು, 25ರ ಲೆಕ್ಕದಲ್ಲಿ 212 ಫ್ರೇಮ್. ಹಳೇ ಮನೆಯ ಪಡಸಾಲೆ, ಎಡಗಡೆ ಕಿಟಕಿ ಬೆಳಕು, ಬಲಗಡೆ ಹಳದಿ ಬಲ್ಬು. ನಡುವೆ ಡೂಪ್ ಬಿಳಿ ಟವೆಲ್‌ನಿಂದ ಹಣೆ ಒರೆಸಿಕೊಳ್ಳುತ್ತಾರೆ. ಮಾಡೆಲ್ 256 ಪಿಕ್ಸೆಲ್‌ನದು, ಹಣೆಯೂ ಸೇರಿದ ಪೂರ್ತಿ ಮುಖ.

ಮೊದಲು `overlay` ಮೋಡ್ ಹಾಕಿ, ಎರೋಡ್ ಮತ್ತು ಬ್ಲರ್ ಎರಡನ್ನೂ ಸೊನ್ನೆ ಮಾಡಿದೆ. ಕಲರ್ ಟ್ರಾನ್ಸ್‌ಫರ್ `none`. ಈಗ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ, ಕಾಣಲಿ. ಕೆನ್ನೆಯ ಅಂಚಿಗೆ ಜೂಮ್ ಮಾಡಿ ಗೆರೆಯ ಎರಡೂ ಬದಿ ನೋಡಿ. ನಮ್ಮ ಶಾಟ್‌ನಲ್ಲಿ ಒಳಗಿನ ಚರ್ಮ ಹೊರಗಿನದಕ್ಕಿಂತ ಸ್ವಲ್ಪ ಬೆಳ್ಳಗೆ, ಸ್ವಲ್ಪ ಗುಲಾಬಿ ಇತ್ತು. ಇಂಥ ವ್ಯತ್ಯಾಸ ಇಟ್ಟುಕೊಂಡು ಬ್ಲರ್ ಕೊಟ್ಟರೆ ಗೆರೆ ಹೋಗುವುದಿಲ್ಲ, ಅಗಲ ಆಗುತ್ತದೆ. ಚೂಪಾದ ಗೆರೆಯ ಬದಲು ದವಡೆ ಸುತ್ತ ಒಂದು ಮಬ್ಬು ಪಟ್ಟಿ ಬರುತ್ತದೆ. ನಿಂತ ಫ್ರೇಮ್‌ನಲ್ಲಿ ಅದು ನೆರಳಿನ ಹಾಗೆ ಕಂಡು ಮೋಸ ಮಾಡುತ್ತದೆ. ತಲೆ ತಿರುಗಿದಾಗ ಆ ಪಟ್ಟಿಯೂ ಮುಖದ ಜೊತೆಗೇ ತಿರುಗುತ್ತದೆ. ಬೆಳಕು ಇದ್ದಲ್ಲೇ ಇರುವಾಗ ನೆರಳು ಹಾಗೆ ಓಡಾಡಲ್ಲ, ಅಲ್ವಾ? ಅಲ್ಲೇ ಸಿಕ್ಕಿಬೀಳುತ್ತೇವೆ.

ಬಣ್ಣಕ್ಕೆ ಬರೋಣ. C ಒತ್ತುತ್ತಾ ಹೋದರೆ `rct`, `lct`, `mkl`, `mkl-m`, `idt`, `idt-m`, `sot-m`, `mix-m` ಒಂದಾದ ಮೇಲೊಂದು ಬರುತ್ತವೆ. ನಾನು ಯಾವಾಗಲೂ `rct`ಯಿಂದ ಶುರು ಮಾಡುತ್ತೇನೆ. ಎರಿಕ್ ರೈನ್‌ಹಾರ್ಡ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ವಿಧಾನ ಇದು, ತುಂಬ ಸರಳ. ಬಣ್ಣವನ್ನು ಮೂರು ಚಾನೆಲ್ ಮಾಡಿ, ಒಂದರಲ್ಲಿ ಬೆಳಕಿನ ಮಟ್ಟ, ಎರಡರಲ್ಲಿ ಬಣ್ಣದ ಛಾಯೆ ಇಡುತ್ತದೆ. ಪ್ರತಿ ಚಾನೆಲ್‌ಗೂ ಎರಡೇ ಲೆಕ್ಕ: ಸರಾಸರಿ ಎಷ್ಟು, ಅದರ ಸುತ್ತ ಹರಡಿಕೊಂಡಿರುವುದು ಎಷ್ಟು. ಮಾಡೆಲ್ ಕೊಟ್ಟ ಮುಖದ ಈ ಎರಡು ಸಂಖ್ಯೆಗಳನ್ನು ಫ್ರೇಮ್‌ನಲ್ಲಿರುವ ಮುಖದ ಸಂಖ್ಯೆಗಳಿಗೆ ಹೊಂದಿಸುತ್ತದೆ.

ಮಾಡೆಲ್ ಮುಖದ ಬೆಳಕಿನ ಸರಾಸರಿ 64, ಹರಡು 10 ಅಂತಿಟ್ಟುಕೊಳ್ಳಿ. ಫ್ರೇಮ್‌ನಲ್ಲಿ ಸರಾಸರಿ 58, ಹರಡು 14. ಮಾಡೆಲ್‌ನಲ್ಲಿ 70 ಇರುವ ಪಿಕ್ಸೆಲ್ ಸರಾಸರಿಗಿಂತ 6 ಮೇಲಿದೆ. ಅದನ್ನು 14/10ರಿಂದ ಗುಣಿಸಿದರೆ 8.4, ಅದಕ್ಕೆ 58 ಸೇರಿಸಿದರೆ 66.4. ಹಾಗೇ 54 ಇದ್ದದ್ದು 44ಕ್ಕೆ ಇಳಿಯುತ್ತದೆ. ಅಂದರೆ ಮುಖ ಸ್ವಲ್ಪ ಕಪ್ಪಾಯಿತು, ಬೆಳಕು ನೆರಳಿನ ಅಂತರ ಜಾಸ್ತಿಯಾಯಿತು. ನಮಗೆ ಬೇಕಾಗಿದ್ದೂ ಅದೇ.

ಇದರ ಮಿತಿಯೂ ಈ ಲೆಕ್ಕದಲ್ಲೇ ಇದೆ. ಸರಾಸರಿಗೆ ಎಡಗೆನ್ನೆ ಬಲಗೆನ್ನೆ ಗೊತ್ತಿಲ್ಲ. ಫ್ರೇಮ್‌ನಲ್ಲಿ ಎಡಗಡೆ ನೀಲಿ ಬೆಳಕು, ಬಲಗಡೆ ಹಳದಿ ಇದ್ದು, ಮಾಡೆಲ್ ಅದನ್ನು ಕಲಿತಿರದಿದ್ದರೆ `rct` ಎರಡರ ನಡುವಿನ ಒಂದೇ ಬಣ್ಣ ತಂದು ಇಡೀ ಮುಖಕ್ಕೆ ಬಳಿಯುತ್ತದೆ. ಆಗ ಎರಡೂ ಕೆನ್ನೆಯಲ್ಲಿ ಗೆರೆ ಕಾಣುತ್ತದೆ, ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ. ಹಾಗೆ ಕಂಡರೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ, ಮಾಡೆಲ್ ಅನ್ನು ಇನ್ನಷ್ಟು ಹೊತ್ತು ಟ್ರೇನ್ ಮಾಡಿ. ಫ್ರೇಮ್‌ನ ಹರಡು ಮಾಡೆಲ್‌ನದಕ್ಕಿಂತ ತುಂಬ ದೊಡ್ಡದಿದ್ದರೆ ಮೂಗಿನ ತುದಿ, ಹಣೆಯ ಹೊಳಪು ಬಿಳಿಚಿಕೊಳ್ಳುತ್ತವೆ. ಅದೂ ಅದೇ ಗುಣಾಕಾರದ ಫಲ.

ಟವೆಲ್ ವಿಷಯ ಇಲ್ಲಿ ಬರುತ್ತದೆ. ನಾನು ಮೊದಲ ಸಲ ರೆಂಡರ್ ಮಾಡಿದ್ದು `mkl` ಹಾಕಿ. ಒಂದು ಫ್ರೇಮ್‌ನಲ್ಲಿ ಅದು `rct`ಗಿಂತ ಚೆನ್ನಾಗಿ ಕಂಡಿತ್ತು. ಶಾಟ್ ಓಡಿಸಿದರೆ, ಟವೆಲ್ ಹಣೆಗೆ ಬಂದ ಹೊತ್ತಿಗೆ ಇಡೀ ಮುಖ ಬಿಳುಪೇರಿ, ಟವೆಲ್ ಇಳಿದ ಮೇಲೆ ಮತ್ತೆ ಮೊದಲಿನ ಹಾಗಾಗುತ್ತಿತ್ತು. ಕಾರಣ, ಹೆಸರಿನ ಕೊನೆಗೆ `-m` ಇಲ್ಲದಿದ್ದದ್ದು. `mkl` ಅಂತಷ್ಟೇ ಇದ್ದರೆ ಅದು ಮುಖದ ಸುತ್ತಲಿನ ಇಡೀ ಚೌಕದ ಬಣ್ಣ ಲೆಕ್ಕ ಹಾಕುತ್ತದೆ. ಕೂದಲು, ಗೋಡೆ, ಟವೆಲ್ ಎಲ್ಲ ಸೇರುತ್ತವೆ. `mkl-m` ಮಾಸ್ಕ್‌ನ, ಅಂದರೆ ಹೊಸ ಮುಖ ಎಲ್ಲಿ ಅಂಟಬೇಕು ಎಂದು ಗುರುತಿಸುವ ಆಕಾರದ, ಒಳಗಿನದನ್ನು ಮಾತ್ರ ತೆಗೆದುಕೊಳ್ಳುತ್ತದೆ. `rct` ಹೆಸರಿನಲ್ಲಿ `-m` ಇಲ್ಲದಿದ್ದರೂ ಅದೂ ಮಾಸ್ಕ್‌ನ ಒಳಗಿನದನ್ನೇ ಲೆಕ್ಕ ಹಾಕುತ್ತದೆ. ಹಿನ್ನೆಲೆ ಬದಲಾಗುವ ಅಥವಾ ಏನಾದರೂ ಮುಖಕ್ಕೆ ಅಡ್ಡ ಬರುವ ಶಾಟ್‌ನಲ್ಲಿ `mkl`, `idt`ಗಳನ್ನು `-m` ಇಲ್ಲದೆ ಮುಟ್ಟಲೇಬೇಡಿ. `idt`, `sot` ಬಗ್ಗೆ ಇಷ್ಟೇ: ಅವು ಪ್ರತಿ ಫ್ರೇಮ್‌ನಲ್ಲೂ ಯಾದೃಚ್ಛಿಕ ದಿಕ್ಕುಗಳನ್ನು ಹಿಡಿದು ಬಣ್ಣ ಹೊಂದಿಸುತ್ತವೆ. ನಿಂತ ಚಿತ್ರದಲ್ಲಿ ಸುಂದರ, ಓಡುವ ಚಿತ್ರದಲ್ಲಿ ಸಣ್ಣಗೆ ಮಿನುಗಬಹುದು. ಕೊನೆಗೆ ನಾನು ಉಳಿಸಿಕೊಂಡದ್ದು `rct`ಯನ್ನೇ.

ಬಣ್ಣ ಕೂತ ಮೇಲೆ ಬ್ಲರ್ ಸೊನ್ನೆಯಲ್ಲಿದ್ದರೂ ಗೆರೆ ಮುಕ್ಕಾಲು ಪಾಲು ಮಾಯವಾಗಿತ್ತು. ಈಗ ಎರೋಡ್. ಇದು ಮಾಸ್ಕನ್ನು ಅಂಚಿನಿಂದ ಒಳಕ್ಕೆ ತಿನ್ನುತ್ತದೆ. ನಾಲ್ಕು ಸಾಲಿನಲ್ಲಿ ಬರೆದರೆ ಒಳಗೆ ನಡೆಯುವುದು ಇಷ್ಟು:

```python
k = cv2.getStructuringElement(cv2.MORPH_ELLIPSE, (35, 35))
m = cv2.erode(m, k)
m = cv2.GaussianBlur(m, (45, 45), 0)[..., None]
out = m * face + (1 - m) * frame
```

35 ಅಂದರೆ ತಿನ್ನುವ ಬಿಲ್ಲೆಯ ಪೂರ್ತಿ ಅಗಲ. ಹಾಗಾಗಿ ಅಂಚು ಒಳಗೆ ಸರಿಯುವುದು ಅದರ ಅರ್ಧ, ಸುಮಾರು 17. ಬ್ಲರ್‌ನ 45 ಕೂಡ ಹಾಗೇ, ಅಂಚಿನಿಂದ ಒಳಕ್ಕೆ 22, ಹೊರಕ್ಕೆ 22. ಈ ಹೊರಕ್ಕೆ ಹರಡುವ ಭಾಗವನ್ನೇ ಎಲ್ಲರೂ ಮರೆಯುತ್ತಾರೆ. ಎರೋಡ್ ಇಲ್ಲದೆ ಬ್ಲರ್ ಮಾತ್ರ ಕೊಟ್ಟರೆ ಮುಖ ಮಾಸ್ಕ್‌ನ ಹೊರಗೆ ಸೋರುತ್ತದೆ. ಕಿವಿ ಹತ್ತಿರದ ಕೂದಲ ಮೇಲೆ ಚರ್ಮದ ಬಣ್ಣ ಏರುತ್ತದೆ, ದವಡೆ ಕೆಳಗೆ ಗೋಡೆ ಮೇಲೂ ಏರುತ್ತದೆ. ಎರೋಡ್ ಮಾಡುವುದು ಆ ಬ್ಲರ್‌ಗೆ ಒಳಗಡೆ ಜಾಗ ಬಿಡಿಸಲಿಕ್ಕೆ. ಬ್ಲರ್‌ನ ಕೊನೆಯ ಅಂಚಿನಲ್ಲಿ ಬಣ್ಣ ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಾಗಿ ಎರೋಡ್ ಬ್ಲರ್‌ಗೆ ಸಮ ಇರಲೇಬೇಕೆಂದಿಲ್ಲ, ಮುಕ್ಕಾಲರಷ್ಟಿದ್ದರೆ ಸಾಕು.

ಇನ್ನೊಂದು ಮಾತು. ಈ ಸಂಖ್ಯೆಗಳನ್ನು ಎಣಿಸುವುದು ನಿಮ್ಮ ವೀಡಿಯೋದ ಪಿಕ್ಸೆಲ್‌ನಲ್ಲಲ್ಲ, ನೇರ ಮಾಡಿಟ್ಟ ಮುಖದ ಚೌಕದಲ್ಲಿ. ಆ ಚೌಕದ ಅಳತೆ ಮಾಡೆಲ್‌ನ ರೆಸಲ್ಯೂಷನ್‌ಗೆ ಕಟ್ಟುಬಿದ್ದಿದೆ. 256ರ ಮಾಡೆಲ್‌ನಲ್ಲಿ ಸರಿ ಕಂಡ 40, 128ರ ಮಾಡೆಲ್‌ನಲ್ಲಿ ಮುಖದ ಅಳತೆಗೆ ಹೋಲಿಸಿದರೆ ಎರಡರಷ್ಟು ಒಳಕ್ಕೆ ತಿನ್ನುತ್ತದೆ. ಅದಕ್ಕೇ "ಅವರು 40 ಇಟ್ಟಿದ್ದರು" ಅನ್ನುವುದು ನಿಮಗೆ ಉಪಯೋಗಕ್ಕೆ ಬರಲ್ಲ.

ಎರೋಡ್ ಎಲ್ಲಿ ನಿಲ್ಲಿಸಬೇಕು? ಹುಬ್ಬನ್ನು ನೋಡಿ. ಜಾಸ್ತಿಯಾದರೆ ಡೂಪ್‌ನ ಹುಬ್ಬಿನ ತುದಿ ಹೊರಗಡೆ ಇಣುಕುತ್ತದೆ, ಒಂದು ಹುಬ್ಬು ಎರಡಾಗುತ್ತದೆ. ನಮ್ಮಲ್ಲಿ 50 ದಾಟಿದ ಕೂಡಲೇ ಬಲಹುಬ್ಬಿನ ಕೊನೆ ಎರಡಾಯಿತು. ಆಮೇಲೆ ಗಲ್ಲ. ಡೂಪ್‌ನ ದವಡೆ ನಟನದಕ್ಕಿಂತ ಅಗಲವಿತ್ತು, ಎಷ್ಟು ಎರೋಡ್ ಮಾಡಿದರೂ ಅದು ಡೂಪ್‌ನ ದವಡೆಯಾಗಿಯೇ ಉಳಿಯಿತು. ಮಾಸ್ಕ್ ಮುಖದ ಆಕಾರ ಬದಲಿಸುವುದಿಲ್ಲ, ಅದಕ್ಕೆ ಸರಿಯಾದ ಡೂಪ್ ಬೇಕು. W ಒತ್ತಿದರೆ ಎರೋಡ್ ಒಂದೊಂದೇ ಏರುತ್ತದೆ, S ಒತ್ತಿದರೆ ಇಳಿಯುತ್ತದೆ. ಬ್ಲರ್‌ಗೆ E ಮತ್ತು D. Shift ಹಿಡಿದರೆ ಐದೈದು. ನಾನು ಹುಬ್ಬು ಎರಡಾಗುವ ತನಕ ಏರಿಸಿ, ಅಲ್ಲಿಂದ ಹಿಂದಕ್ಕೆ ಬಂದು 35ಕ್ಕೆ ನಿಂತೆ. ಬ್ಲರ್ 45.

ಇಷ್ಟಾದ ಮೇಲೆ 212ರಲ್ಲಿ 190ಕ್ಕೂ ಹೆಚ್ಚು ಫ್ರೇಮ್ ಸರಿಹೋದವು. ಉಳಿದದ್ದು ಟವೆಲ್ ಹಿಡಿದ 18. ಬಣ್ಣ ಈಗ ಕದಲುತ್ತಿರಲಿಲ್ಲ, ಆದರೆ ಬೆರಳುಗಳ ಪಕ್ಕ ಡೂಪ್‌ನ ಚರ್ಮದ ಒಂದು ತೆಳು ಪಟ್ಟಿ ಕಾಣುತ್ತಿತ್ತು. ಮಾಸ್ಕ್ ಮೋಡ್ `XSeg-prd*XSeg-dst` ಆಗಿದ್ದರಿಂದ ಕೈ ಇರುವ ಜಾಗ ಮಾಸ್ಕ್‌ನಿಂದ ಹೊರಗಿತ್ತು, ಅದು ಸರಿಯೇ. ಆದರೆ ಎರೋಡ್‌ಗೆ ದವಡೆಯ ಅಂಚು, ಬೆರಳಿನ ಅಂಚು ಎಂಬ ಭೇದವಿಲ್ಲ. ಕೈಯ ಸುತ್ತಲೂ ಅಷ್ಟೇ ತಿನ್ನುತ್ತದೆ. ಆ 18 ಫ್ರೇಮ್‌ಗೆ ಮಾತ್ರ ಎರೋಡ್ 15, ಬ್ಲರ್ 21 ಮಾಡಿದೆ. ಒಮ್ಮೆಗೇ ಬದಲಿಸಿದರೆ ಮುಖದ ಅಂಚು ಹಾರಿದ ಹಾಗೆ ಕಾಣುತ್ತದೆ. ಹಾಗಾಗಿ ಮುಂಚಿನ ಆರು ಫ್ರೇಮ್‌ಗಳಲ್ಲಿ ಸ್ವಲ್ಪಸ್ವಲ್ಪ ಇಳಿಸಿ, ಆಮೇಲಿನ ಆರರಲ್ಲಿ ಹಾಗೇ ಏರಿಸಿದೆ. ಇಂಟರಾಕ್ಟಿವ್ ಮರ್ಜರ್‌ನಲ್ಲಿ ಪ್ರತಿ ಫ್ರೇಮೂ ತನ್ನದೇ ಸೆಟ್ಟಿಂಗ್ ಇಟ್ಟುಕೊಳ್ಳುವುದರಿಂದ ಇದು ಸಾಧ್ಯ.

ಎರಡು ಫ್ರೇಮ್‌ನಲ್ಲಿ ಅದೂ ಸಾಲಲಿಲ್ಲ, ಟವೆಲ್‌ನ ನೂಲಿನ ಅಂಚು ಮಾಸ್ಕ್‌ಗೆ ಸಿಕ್ಕಿರಲಿಲ್ಲ. `merged` ಫೋಲ್ಡರ್ ಪಕ್ಕದಲ್ಲೇ `merged_mask` ಅಂತ ಒಂದಿರುತ್ತದೆ, ಅಂಟಿಸಲು ಬಳಸಿದ ಮಾಸ್ಕ್‌ಗಳೆಲ್ಲ ಅದರಲ್ಲಿವೆ. ಆ ಎರಡನ್ನು ಕಾಂಪೋಸಿಟಿಂಗ್‌ಗೆ ಒಯ್ದು, ಮೂಲ ಫ್ರೇಮ್ ಕೆಳಗಿಟ್ಟು, ಟವೆಲ್ ಅಂಚನ್ನು ಕೈಯಲ್ಲೇ ಬಿಡಿಸಿದೆ. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.