ಬಿಸಿಯಾದದ್ದು ಅಡಾಪ್ಟರ್, ಸಪೂರ ಇದ್ದದ್ದು ವೈರು

ಶಿರಸಿ ಹತ್ತಿರದ ಅಕ್ಕನ ಮನೆಯಲ್ಲಿ ರೂಟರ್ ಇರುವುದು ಜಗಲಿಯಲ್ಲಿ, ಭಾವನ ಕಂಪ್ಯೂಟರ್ ಒಳಕೋಣೆಯಲ್ಲಿ. ನಡುವೆ ದಪ್ಪ ಚಿರೆಕಲ್ಲಿನ ಗೋಡೆ. ಸಿಗ್ನಲ್ ಸಾಲದು ಅಂತ ಭಾವ ಪೇಟೆಯಿಂದ 3 ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು, ವೈ-ಫೈ ಅಡಾಪ್ಟರನ್ನು ಬಾಗಿಲ ಹತ್ತಿರ ಮೊಳೆಗೆ ನೇತುಹಾಕಿದ್ದರು. ಸಿಗ್ನಲ್ ಕಡ್ಡಿ ಪೂರ್ತಿ ಬಂತು. ಆದರೆ ತೋಟದ ಫೋಟೋ ಕಳಿಸಲು ಹೊರಟರೆ ಸಾಕು, ಕಟ್.

“ಮುಟ್ಟಿ ನೋಡು, ಸುಡ್ತದೆ. ಬಿಸಿಯಾಗೇ ಬೀಳೂದು” ಅಂದರು.

ಬಿಸಿ ಇದ್ದದ್ದು ಹೌದು. ಆದರೆ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೆಲಸ ಮಾಡುವಾಗ ಬಿಸಿಯಾಗುವುದು ಸಹಜ. ಅರ್ಧ ಗಂಟೆ ಕಿತ್ತಿಟ್ಟು, ತಣ್ಣಗಾದ ಮೇಲೆ ಸಿಕ್ಕಿಸಿ ಫೋಟೋ ಕಳಿಸಿದೆವು. ಕೆಲವೇ ಸೆಕೆಂಡಿನಲ್ಲಿ ಮತ್ತೆ ಬಿತ್ತು. ಬಿಸಿಯೇ ಕಾರಣವಾಗಿದ್ದರೆ ಸ್ವಲ್ಪ ಹೊತ್ತಾದರೂ ನಡೆಯಬೇಕಿತ್ತು, ಅಲ್ವಾ?

ಅವರದ್ದು ಲಿನಕ್ಸ್. ಒಳಗೆ ಏನಾಗುತ್ತಿದೆ ಎಂದು ಆಗಿಂದಾಗಲೇ ಸಾಲು ಸಾಲಾಗಿ ತೋರಿಸುವ ಈ ಕಮಾಂಡನ್ನು ಟರ್ಮಿನಲ್‌ನಲ್ಲಿ ಹಾಕಿ ಕೂತೆ:

```
sudo dmesg -w
```

ಕಟ್ ಆದಾಗಲೆಲ್ಲ `USB disconnect` ಎಂಬ ಸಾಲು, ಹಿಂದೆಯೇ ಹೊಸ ಸಾಧನ ಸಿಕ್ಕಿತು ಎಂಬ ಸಾಲು. ಅಂದರೆ ವೈ-ಫೈ ಸಂಪರ್ಕ ಮಾತ್ರ ಹೋಗುತ್ತಿರಲಿಲ್ಲ, ಅಡಾಪ್ಟರೇ ಕಿತ್ತು ಸಿಕ್ಕಿಸಿದ ಹಾಗೆ ಮಾಯವಾಗಿ ಬರುತ್ತಿತ್ತು. ಆಗ ಮೊದಲ ಅನುಮಾನ ಕರೆಂಟಿನ ಮೇಲೆ.

ಕೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ `28AWG` ಅಂತ ಇತ್ತು. ಈ ಅಂಕಿ ಜಾಸ್ತಿಯಾದಷ್ಟೂ ಒಳಗಿನ ತಂತಿ ಸಪೂರ. ಕರೆಂಟು ಹೋಗಿ ವಾಪಸು ಬರಬೇಕು, ಹಾಗಾಗಿ 3 ಮೀಟರ್ ಕೇಬಲ್ಲೆಂದರೆ 6 ಮೀಟರ್ ತಂತಿ. ಅದರ ತಡೆ ಸುಮಾರು 1.3 ಓಮ್. ಅಡಾಪ್ಟರ್ ಡೇಟಾ ಕಳಿಸುವಾಗ 0.4 ಆಂಪಿಯರ್ ಎಳೆದರೂ ಅರ್ಧ ವೋಲ್ಟು ದಾರಿಯಲ್ಲೇ ಖರ್ಚು. ಪೋರ್ಟಿನ 5 ವೋಲ್ಟು ಆಚೆ ತುದಿಗೆ ನಾಲ್ಕೂವರೆಯಾಗಿ ಮುಟ್ಟುತ್ತದೆ. ಸುಮ್ನೆ ಇದ್ದಾಗ ಸರಿ ಇದ್ದು, ಕಳಿಸುವಾಗ ಬೀಳುವುದು ಇದಕ್ಕೇ. ಸಾಲದ್ದಕ್ಕೆ ಕೇಬಲ್ ಹಾಕಿದ್ದು ಕಂಪ್ಯೂಟರಿನ ಮುಂದಿನ ಪೋರ್ಟಿಗೆ. ಅಲ್ಲಿಗೂ ಮದರ್‌ಬೋರ್ಡಿನಿಂದ ಒಂದು ಸಪೂರ ವೈರೇ ಬಂದಿರುತ್ತದೆ.

1 ಮೀಟರಿನ, ಕರೆಂಟಿನ ತಂತಿ `24AWG` ಇರುವ ಕೇಬಲ್ ತಂದು ಹಿಂದಿನ ಪೋರ್ಟಿಗೆ ಹಾಕಿದೆವು. ಉದ್ದ ಸಾಲದ್ದಕ್ಕೆ ಮೇಜನ್ನೇ ಬಾಗಿಲ ಕಡೆ ಸರಿಸಬೇಕಾಯಿತು, ಅಕ್ಕ ಗೊಣಗಿದಳು. ಈಗ ದಾರಿಯಲ್ಲಿ ಹೋಗುವುದು 0.1 ವೋಲ್ಟಿಗಿಂತ ಕಡಿಮೆ. ಫೋಟೋಗಳೆಲ್ಲ ಒಂದೇ ಸಲಕ್ಕೆ ಹೋದವು. ಅಡಾಪ್ಟರ್ ಬಿಸಿ ಮೊದಲಿನಷ್ಟೇ.

ಊಟ ಮುಗಿಸಿ ಬಂದರೆ ಮತ್ತೆ ನೆಟ್ ಇಲ್ಲ! ಈ ಸಲ `USB disconnect` ಸಾಲೇ ಇರಲಿಲ್ಲ. ಅಡಾಪ್ಟರ್ ಜಾಗದಲ್ಲೇ ಇತ್ತು, ಸಂಪರ್ಕ ಮಾತ್ರ ಹೋಗಿತ್ತು. ಕೆಲಸವಿಲ್ಲದಾಗ ಡ್ರೈವರ್ ಅದನ್ನು ಮಲಗಿಸುತ್ತದೆ, ಕೆಲವು ಡ್ರೈವರ್‌ಗಳಿಗೆ ಎಬ್ಬಿಸುವುದು ಸರಿಯಾಗಿ ಬರುವುದಿಲ್ಲ. ಮಲಗಿಸುವುದನ್ನೇ ನಿಲ್ಲಿಸಿದೆ:

```
sudo iw dev wlan0 set power_save off
```

`wlan0` ಅಲ್ಲಿನ ಹೆಸರು, ನಿಮ್ಮಲ್ಲಿ ಬೇರೆ ಇದ್ದರೆ `iw dev` ತೋರಿಸುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಇದು ಅಳಿಸಿಹೋಗುತ್ತದೆ. ಹಾಗಾಗಿ ಆನ್ ಆದಾಗ ತಾನೇ ಓಡುವಂತೆ ಬರೆದಿಟ್ಟು ಬಂದೆ.