ಓಟಿಎಸ್ ಮುಗಿದ ಮೇಲೂ ಉಳಿಯುವ ಒಂದು ಸಾಲು

"ಸಾಹೇಬ್ರೇ, ಬ್ಯಾಂಕಿನವರು ಅರ್ಧ ದುಡ್ಡು ಒಂದೇ ಸಲ ಕಟ್ಟಿ, ಸಾಲ ಚುಕ್ತಾ ಮಾಡ್ತೇವೆ ಅಂತ್ರು. ಹೂಂ ಅಂದುಬಿಡ್ಲಾ?"

ಇದನ್ನೇ ಬ್ಯಾಂಕಿನವರು ಓಟಿಎಸ್, ಅಂದರೆ ಒಂದೇ ಸಲದ ತೀರುವಳಿ ಎನ್ನುತ್ತಾರೆ. ಮನೆ ಹರಾಜಿಗೆ ಬರುವ ಹೊತ್ತಾಗಿದ್ದರೆ, ದುಡಿಮೆ ನಿಂತು ಮತ್ತೆ ಏಳುವ ದಾರಿಯೇ ಕಾಣದಿದ್ದರೆ ಹೂಂ ಅನ್ನಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವರ್ಷ ಎರಡು ವರ್ಷದಲ್ಲಿ ಹೇಗಾದರೂ ಪೂರ್ತಿ ಕಟ್ಟಬಲ್ಲೆ ಅನ್ನಿಸಿದರೆ ಒಪ್ಪಬೇಡಿ, ಕಂತು ಇಳಿಸಿ ಅವಧಿ ಹೆಚ್ಚಿಸಿಕೊಡಿ ಎಂದು ಮೊದಲು ಕೇಳಿ. ಕಾರವಾರದಲ್ಲಿ ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿ ಕೂತು ಇಂಥ ಅರ್ಜಿಗಳನ್ನು ಎಷ್ಟೋ ವರ್ಷ ನೋಡಿದ್ದೇನೆ. ನಿವೃತ್ತಿಯಾಗಿ ಕುಮಟೆಗೆ ಬಂದ ಮೇಲೂ ಜನ ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅವರಲ್ಲಿ ಒಬ್ಬರ ಕಥೆ ಹೇಳಿದರೆ ನನ್ನ ಉತ್ತರದ ಕಾರಣ ತಿಳಿಯುತ್ತದೆ.

ಇವರು ತದಡಿ ಬಂದರಿನಿಂದ ಮೀನು ಕೊಂಡು ಟೆಂಪೋದಲ್ಲಿ ಹುಬ್ಬಳ್ಳಿಗೆ ಕಳಿಸುವವರು. 2019ರಲ್ಲಿ ವ್ಯಾಪಾರಕ್ಕೆಂದು 5 ಲಕ್ಷ ಸಾಲ ತೆಗೆದರು. ಮನೆ, ಜಮೀನು ಯಾವುದನ್ನೂ ಅಡ ಇಟ್ಟಿರಲಿಲ್ಲ. 2022ರಲ್ಲಿ ಟೆಂಪೋದ ಎಂಜಿನ್ ಹೋಯಿತು, ಹುಬ್ಬಳ್ಳಿಯ ದೊಡ್ಡ ಗಿರಾಕಿ ಬಾಕಿ ಇಟ್ಟು ಕೈಯೆತ್ತಿದ, ಕಂತು ನಿಂತಿತು. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಆಗುತ್ತದೆ. ಹಾಗೇ ಆಯಿತು. 2024ರ ಫೆಬ್ರವರಿಗೆ ಬರುವಾಗ ಅಸಲು 3,20,000, ಬಡ್ಡಿ ದಂಡ ಸೇರಿ ಒಟ್ಟು 4,35,000 ಬಾಕಿ. ಆಗ ಫೋನ್ ಬಂತು: 2,40,000 ಕಟ್ಟಿ, ಮುಗಿಸಿಬಿಡೋಣ.

ಬ್ಯಾಂಕು ಅಸಲಿಗಿಂತ 80,000 ಕಡಿಮೆಗೆ ಏಕೆ ಒಪ್ಪುತ್ತದೆ ಎಂದು ಅವರಿಗೆ ಅನುಮಾನ. ಕಾರಣ ಬ್ಯಾಂಕಿನ ಲೆಕ್ಕದಲ್ಲಿದೆ. ಎನ್‌ಪಿಎ ಆದ ಸಾಲಕ್ಕೆ ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿಡಬೇಕು. ಭದ್ರತೆ ಇಲ್ಲದ ಸಾಲವಾದರೆ ಮೊದಲ ವರ್ಷ ಬಾಕಿಯ ನೂರಕ್ಕೆ 25, ವರ್ಷ ದಾಟಿ ಅನುಮಾನದ ಸಾಲ ಎಂದಾದ ಮೇಲೆ ನೂರಕ್ಕೆ 100. ಅಂದರೆ ಆ ಹೊತ್ತಿಗೆ ಬ್ಯಾಂಕು ಈ ಸಾಲವನ್ನು ಪೂರ್ತಿ ನಷ್ಟವೆಂದು ಲೆಕ್ಕ ಹಾಕಿ ಆಗಿರುತ್ತದೆ, ಮೇಲೆ ಬಂದ ಪ್ರತಿ ರೂಪಾಯಿಯೂ ಲಾಭದ ಕಡೆಗೆ ಸೇರುತ್ತದೆ. ಮೊದಲ ವರ್ಷ ಚೌಕಾಸಿಗೆ ಜಗ್ಗದ ಬ್ಯಾಂಕು ಆಮೇಲೆ, ಅದೂ ಮಾರ್ಚ್ ಲೆಕ್ಕ ಹತ್ತಿರ ಬಂದಾಗ, ತಾನಾಗಿ ಕರೆಯುವುದು ಇದಕ್ಕೇ. ಮನೆ ಅಡ ಇಟ್ಟ ಸಾಲಕ್ಕೆ ಇಷ್ಟು ಬಿಡುವುದಿಲ್ಲ, ಮನೆ ಮಾರಿದರೆ ಎಷ್ಟು ಬರಬಹುದು ಎಂಬ ಅಂದಾಜು ಅವರ ಕೈಯಲ್ಲಿರುತ್ತದೆ. ಇನ್ನು ಓಟಿಎಸ್ ನನ್ನ ಹಕ್ಕು ಎಂದು ವಾದಿಸಲೂ ಬರುವುದಿಲ್ಲ, 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ.

ನಾನು ಅವರಿಗೆ ಮೊದಲು ಹೇಳಿದ್ದು, ಫೋನಿನ ಮಾತಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ ಎಂದು. ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಪತ್ರ ಬರಬೇಕು. ಅದರಲ್ಲಿ ಸಾಲದ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಯಾವ ತಾರೀಕಿನೊಳಗೆ ಎಷ್ಟು ಎಂಬುದು, ಇಷ್ಟು ಕಟ್ಟಿದರೆ ಪೂರ್ಣ ಹಾಗೂ ಅಂತಿಮ ತೀರುವಳಿ ಎಂಬ ಮಾತು, ಅಧಿಕಾರಿಯ ಸಹಿ ಇರಬೇಕು. ಹಣ ಹೋಗಬೇಕಾದ್ದು ಸಾಲದ ಖಾತೆಗೆ. ವಸೂಲಿಗೆ ಬಂದ ಹುಡುಗನ ಮೊಬೈಲ್ ನಂಬರಿಗೆ ಕಳಿಸಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಪತ್ರ ಬಂತು. 40,000 ಈಗ, ಉಳಿದ ಎರಡು ಲಕ್ಷ ಎರಡು ಕಂತಿನಲ್ಲಿ, ಕೊನೆಯದಕ್ಕೆ ಜೂನ್ 20ರ ಗಡುವು. ನಾನು ಆ ತಾರೀಕಿನ ಮೇಲೇ ಬೆರಳಿಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ತದಡಿಯಲ್ಲಿ ದೋಣಿಗಳೆಲ್ಲ ದಡ ಕಟ್ಟಿ ಕೂತಿರುವಾಗ ಇವರು ಲಕ್ಷ ರೂಪಾಯಿ ಎಲ್ಲಿಂದ ತರುತ್ತಾರೆ? ಅದೇ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಗಡುವು ತಪ್ಪಿದರೆ ರಿಯಾಯಿತಿ ರದ್ದು, ಕಟ್ಟಿದ ಹಣ ಮೂಲ ಬಾಕಿಗೆ ಜಮಾ. ಎಂದರೆ 1,40,000 ಕಟ್ಟಿದ ಮೇಲೆ ಕೊನೆಯ ಕಂತು ತಪ್ಪಿದರೆ ಮತ್ತೆ 4,35,000ರ ಲೆಕ್ಕದಿಂದಲೇ ಶುರು. ಬ್ಯಾಂಕಿಗೆ ಹೋಗಿ ಕೊನೆಯ ಗಡುವನ್ನು ಮೇ 25ಕ್ಕೆ ಹಿಂದೆ ತರಿಸಿಕೊಂಡರು. ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳುವವರೇ ಹೆಚ್ಚು, ಇವರಿಗೆ ಬೇಕಾಗಿದ್ದು ತಿರುವುಮುರುವು. ಮೇ ತಿಂಗಳಲ್ಲಿ ಕೈಯಲ್ಲಿ ಹಣ ಓಡಾಡುವಾಗಲೇ ಕಟ್ಟಿ ಮುಗಿಸಿದರು. ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರ ಬಂದ ದಿನ ಮನೆಗೆ ಬಂದು, "ಅಂತೂ ತಲೆ ಮೇಲಿನ ಭಾರ ಇಳೀತು" ಅಂದರು.

ಅವತ್ತೇ ನಾನು ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿತ್ತು. ಹೇಳಿದ್ದೆ, ಆದರೆ ಅವರ ಮುಖದ ನೆಮ್ಮದಿ ನೋಡಿ ಮೆಲ್ಲಗೆ ಹೇಳಿದ್ದೆ.

2025ರಲ್ಲಿ ಮಗಳಿಗೆ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಶಿಕ್ಷಣ ಸಾಲಕ್ಕೆ ತಂದೆ ಸಹಸಾಲಗಾರರಾಗಿ ಸಹಿ ಹಾಕಿದರು. ಬೇರೆಯೇ ಬ್ಯಾಂಕು. ಹತ್ತು ದಿನದ ಮೇಲೆ, ತಂದೆಯ ಕ್ರೆಡಿಟ್ ವರದಿ ಸರಿ ಇಲ್ಲ, ಆಗುವುದಿಲ್ಲ ಎಂಬ ಉತ್ತರ ಬಂತು. "ಬಾಕಿ ಇಲ್ಲ ಅಂತ ಪತ್ರ ಅದೆಯಲ್ಲ ಸಾಹೇಬ್ರೇ" ಎಂದು ಆ ಕಾಗದವನ್ನು ನನ್ನ ಮುಂದೆ ಹಿಡಿದರು.

ಮಗಳು ತನ್ನ ಮೊಬೈಲಿನಲ್ಲಿ ಅವರ ವರದಿಯನ್ನು ತೆಗೆದಳು. ಯಾರು ಸಾಲವನ್ನು ಹೇಗೆ ಕಟ್ಟಿದರು ಎಂಬ ದಾಖಲೆ ಇಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಆ ಸಾಲದ ಮುಂದೆ ಬಾಕಿ ಸೊನ್ನೆ ಎಂದೇ ಇತ್ತು. ಅದರ ಹತ್ತಿರ ಖಾತೆಯ ಸ್ಥಿತಿ Settled, ಕಟ್ಟಿದ ಮೊತ್ತ 2,40,000. ಕೆಳಗೆ 36 ತಿಂಗಳ ಪಟ್ಟಿ: ಪ್ರತಿ ತಿಂಗಳು ಕಂತು ಎಷ್ಟು ದಿನ ತಡವಾಗಿತ್ತು ಎಂಬ ಅಂಕೆಗಳು. ಪೂರ್ತಿ ಕಟ್ಟಿದ ಸಾಲವಾಗಿದ್ದರೆ ಅಲ್ಲಿ Closed ಎಂದಿರುತ್ತಿತ್ತು. ವ್ಯತ್ಯಾಸ ಒಂದೇ ಪದ. ಆ ಒಂದು ಪದ ಓದಿದ ಯಾವ ಮ್ಯಾನೇಜರನಿಗೂ ತಿಳಿಯುವುದು, ಈ ಮನುಷ್ಯನಿಂದ ಹಿಂದೆ ಒಂದು ಬ್ಯಾಂಕು ಹಣ ಬಿಟ್ಟುಕೊಟ್ಟಿದೆ ಎಂದು. ಬಾಕಿ ಇಲ್ಲ ಎಂಬ ಪತ್ರ ಸುಳ್ಳಲ್ಲ. ಹಳೆಯ ಬ್ಯಾಂಕು ಇನ್ನು ಕೇಳುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಹೊಸ ಬ್ಯಾಂಕು ಕೊಡುತ್ತದೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಇಲ್ಲಿ ಜನ ತಪ್ಪು ತಿಳಿಯುವುದಕ್ಕೆ ಸಾಲ ಮನ್ನಾದ ಅಭ್ಯಾಸವೂ ಕಾರಣ ಅನ್ನಿಸುತ್ತದೆ. ಮನ್ನಾದಲ್ಲಿ ಸರ್ಕಾರ ಬ್ಯಾಂಕಿಗೆ ಹಣ ತುಂಬಿಕೊಡುತ್ತದೆ. ಓಟಿಎಸ್‌ನಲ್ಲಿ ತುಂಬಿಕೊಡುವವರು ಯಾರೂ ಇಲ್ಲ, ಬಿಟ್ಟ 1,95,000 ಬ್ಯಾಂಕಿನದೇ ನಷ್ಟ.

ವರದಿಯಲ್ಲಿ ಆ ಪದ ಎಷ್ಟು ವರ್ಷ ಉಳಿಯುತ್ತದೆ? ಏಳು ವರ್ಷಕ್ಕೆ ತಾನಾಗಿ ಅಳಿಸಿಹೋಗುತ್ತದೆ ಎಂದು ಪೇಟೆಯಲ್ಲಿ ಹೇಳುತ್ತಾರೆ. ನಿಯಮ ಹೇಳುವುದು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟಿರಬೇಕು ಎಂದು. ಏಳು ತುಂಬಿದ ದಿನವೇ ತೆಗೆಯಬೇಕು ಎಂದು ಹೇಳುವುದಿಲ್ಲ. ಈ ದಾಖಲೆ ನೋಡಿ ಕೊಡುವ ಅಂಕ, ಅಂದರೆ ಸ್ಕೋರ್ ಮಾತ್ರ ಅಷ್ಟು ಕಾಲ ಬಿದ್ದೇ ಇರುವುದಿಲ್ಲ, ಸಣ್ಣ ಸಾಲವೊಂದನ್ನು ತಪ್ಪದೆ ಕಟ್ಟುತ್ತಾ ಹೋದರೆ ಮೆಲ್ಲಗೆ ಏರುತ್ತದೆ. ಸ್ಕೋರ್ ಏರಿದರೂ ಆ ಪದ ಮಾತ್ರ ಅಲ್ಲೇ ಇರುತ್ತದೆ, ಬ್ಯಾಂಕುಗಳು ಎರಡನ್ನೂ ನೋಡುತ್ತವೆ. ತೀರುವಳಿ ಮಾಡಿಕೊಟ್ಟ ಬ್ಯಾಂಕಂತೂ ಕೃಷಿಯೇತರ ಸಾಲವಾದರೆ ಕನಿಷ್ಠ 12 ತಿಂಗಳು ನಿಮಗೆ ಹೊಸ ಸಾಲ ಕೊಡುವಂತಿಲ್ಲ. ಇದು ರಿಸರ್ವ್ ಬ್ಯಾಂಕು 2023ರ ಜೂನ್‌ನಲ್ಲಿ ಹಾಕಿದ ಕಟ್ಟಳೆ.

ದುಡ್ಡು ಕೊಟ್ಟರೆ ಆ ಪದ ಅಳಿಸಿಕೊಡುತ್ತೇವೆ ಎನ್ನುವವರು ಮೊಬೈಲಿನಲ್ಲಿ ತುಂಬಾ ಸಿಗುತ್ತಾರೆ, ಇವರಿಗೂ ಒಬ್ಬ ಸಿಕ್ಕಿದ್ದ. ನಂಬಬೇಡಿ. ವರದಿಯಲ್ಲಿ ತಪ್ಪಿದ್ದರೆ, ಉದಾಹರಣೆಗೆ ಕಟ್ಟಿ ಮುಗಿಸಿದ ಮೇಲೂ ಬಾಕಿ ಕಾಣುತ್ತಿದ್ದರೆ, ನೀವೇ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. 30 ದಿನದಲ್ಲಿ ಸರಿಪಡಿಸದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವೂ ಇದೆ. ಆದರೆ ಇವರ ವರದಿಯಲ್ಲಿ ತಪ್ಪೇನೂ ಇರಲಿಲ್ಲ. ನಿಜವನ್ನು ಅಳಿಸಲು ಯಾವ ದೂರಿಗೂ ಬಲವಿಲ್ಲ.

ಶಿರಸಿ, ಸಿದ್ದಾಪುರದ ಕಡೆಯ ಓದುಗರಿಗೆ ಒಂದು ಮಾತು. ಜಾಮೀನು ಹಾಕಿದವರ ವರದಿಯಲ್ಲೂ ಆ ಸಾಲ ಕಾಣುತ್ತದೆ. ನೆರೆಮನೆಯವರ ಸಾಲಕ್ಕೆ ಸಹಿ ಹಾಕಿ ಮರೆತವರು ತಮ್ಮ ವರದಿಯನ್ನೂ ಒಮ್ಮೆ ತೆಗೆದು ನೋಡಿ. ತೋಟದ ಮೇಲೆ ಸಾಲವಿದ್ದರೆ ತೀರಿದ ಮೇಲೆ ಪಹಣಿಯ 11ನೇ ಕಾಲಂನಿಂದ ಬ್ಯಾಂಕಿನ ಋಣ ತೆಗೆಸುವುದನ್ನೂ ಬಿಡಬೇಡಿ.

ಮಗಳ ಸಾಲ ಕೊನೆಗೆ ತಾಯಿಯ ಸಹಿಯ ಮೇಲೆ ಆಯಿತು. ಆಕೆ ಸ್ವಸಹಾಯ ಸಂಘದ ಮೂಲಕ ಪಡೆದ ಬ್ಯಾಂಕ್ ಸಾಲಗಳನ್ನು ವಾರ ತಪ್ಪದೆ ತೀರಿಸಿದ್ದರು, ವರದಿ ಚೊಕ್ಕವಾಗಿತ್ತು. ತಂದೆಯೇ ಆಗಬೇಕೆಂದಿಲ್ಲ, ತಾಯಿ ಸಹಸಾಲಗಾರರಾದರೂ ಅಡ್ಡಿಲ್ಲ ಎಂದು ಅದೇ ಶಾಖೆಯಲ್ಲಿ ಕೇಳುವಷ್ಟರಲ್ಲಿ ತಿಂಗಳು ಕಳೆದಿತ್ತು. ಮೊದಲ ವರ್ಷದ ಫೀಸನ್ನು ಕೈಸಾಲ ಮಾಡಿ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದು ಕಟ್ಟಿದ್ದರು.

ಹೋದ ತಿಂಗಳು ಅವರು ಮತ್ತೆ ಬಂದರು. ಹೊಸ ಟೆಂಪೋ ತೆಗೆಯಬೇಕು, ಹಳೆ ಬ್ಯಾಂಕಿಗೆ ಬಿಟ್ಟ ಹಣ ಕಟ್ಟಿದರೆ ಆ ಪದ ಹೋಗುತ್ತದಾ ಎಂದು ಕೇಳಿದರು. ಹೋಗಬಹುದು, ಆದರೆ ಅದು ಆ ಬ್ಯಾಂಕಿನ ಮನಸ್ಸು. ಸಾಲ ಕೊಟ್ಟವರು ಹೊಸ ಮಾಹಿತಿ ಕಳಿಸಿದರೆ ಮಾತ್ರ ವರದಿ ಬದಲಾಗುತ್ತದೆ. ಹಳೆಯ ತಡದ ಅಂಕೆಗಳು ಆಗಲೂ ಇರುತ್ತವೆ. ಅದಕ್ಕೆ ಹಣ ಕಟ್ಟುವ ಮೊದಲು ಪತ್ರ ಬರೆಯೋಣ ಎಂದೆ. ಜಗಲಿಯ ಮೇಲೆ ಕೂತು ನಾನು ಹೇಳುತ್ತಾ ಹೋದೆ, ಮಗಳು ಬರೆದುಕೊಂಡಳು: "ತೀರುವಳಿಯಲ್ಲಿ ತಾವು ಬಿಟ್ಟುಕೊಟ್ಟ 1,95,000 ರೂಪಾಯಿಯನ್ನು ಕಟ್ಟಲು ಸಿದ್ಧನಿದ್ದೇನೆ. ಕಟ್ಟಿದ ಮೇಲೆ ನನ್ನ ಖಾತೆಯ ಸ್ಥಿತಿಯನ್ನು ನಾಲ್ಕೂ ಕ್ರೆಡಿಟ್ ಕಂಪನಿಗಳಿಗೆ Closed ಎಂದು ತಿಳಿಸುವಿರಾ, ಎಷ್ಟು ದಿನದಲ್ಲಿ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ." ಅವರು ಅದನ್ನು ಎರಡು ಸಲ ಓದಿಸಿ ಕೇಳಿ ಸಹಿ ಹಾಕಿದರು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.