ಮಾವನ ಬೆರಳು, ಹದಿನಾರು ಗುಂಡಿ

2019ರ ಏಪ್ರಿಲ್ 29ರಂದು ಮುಂಬೈಯಲ್ಲಿ ವೋಟು ಹಾಕಿ ಬಂದಾಗ ನನ್ನ ಎರಡೂ ಕೈಯ ತೋರುಬೆರಳಿಗೆ ಶಾಯಿ ಇತ್ತು. ಮಾರನೇ ದಿನ ಆಫೀಸಿನಲ್ಲಿ ಎಲ್ಲರೂ ಕೇಳಿದ್ದೇ ಕೇಳಿದ್ದು, ಎರಡು ವೋಟು ಹಾಕಿದ್ಯಾ ಅಂತ. ಎಡಗೈದು ನನ್ನ ವೋಟಿನದು, ಬಲಗೈದು ನಮ್ಮ ಮಾವನ ವೋಟಿನದು. ಮಾವನಿಗೆ ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ಕಾಣದವರ ಜೊತೆ ಒಳಗೆ ಹೋಗಿ ಗುಂಡಿ ಒತ್ತುವ ಜೊತೆಗಾರನ ಬಲಗೈ ತೋರುಬೆರಳಿಗೂ ಶಾಯಿ ಹಚ್ಚುತ್ತಾರೆ. ಒಬ್ಬ ಮನುಷ್ಯ ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಜೊತೆಗಾರನಾಗಬಹುದು, ಅದಕ್ಕೆ ಈ ಗುರುತು. ವಯಸ್ಸು 18 ದಾಟಿರಬೇಕು. ಪ್ರಿಸೈಡಿಂಗ್ ಆಫೀಸರ್ ಹೆಸರು ವಿಳಾಸ ಎಲ್ಲ 14ಎ ಅನ್ನುವ ಫಾರ್ಮಿನಲ್ಲಿ ಬರೆದುಕೊಂಡು, ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ನನ್ನಿಂದ ಬರೆಸಿಕೊಂಡಿದ್ದರು.

ಗುಟ್ಟು ನಾನೇನೋ ಇವತ್ತಿನವರೆಗೂ ಬಿಟ್ಟುಕೊಟ್ಟಿಲ್ಲ. ಆದರೆ ಅವತ್ತು ಹೊರಗೆ ಬಂದ ಮೇಲೆ ಮಾವ ಒಂದೇ ಮಾತು ಹೇಳಿದರು, "ನೀನು ಒತ್ತಿದ್ದು ನಾನು ಹೇಳಿದ್ದನ್ನೇ ಅಂತ ನಂಬಿದ್ದೇನೆ ಮಾರಾಯ." ಬೈದು ಹೇಳಿದ್ದಲ್ಲ. ನಗುತ್ತಲೇ ಹೇಳಿದ್ದು. ಆದರೂ ಐದು ವರ್ಷ ಅದು ನನ್ನ ತಲೆಯಲ್ಲಿ ಕೂತಿತ್ತು.

2024ರಲ್ಲಿ ನಮ್ಮ ಕಡೆ ಮತದಾನ ಮೇ 20ಕ್ಕೆ. ನಾವಿರುವುದು ವಡಾಲದಲ್ಲಿ, ಅಂದ್ರೆ ಮುಂಬೈ ದಕ್ಷಿಣ ಮಧ್ಯ ಕ್ಷೇತ್ರ. ಅದಕ್ಕೂ ಮೊದಲು ಮನೆಯಲ್ಲಿ ಒಂದು ಚರ್ಚೆ ಆಯಿತು. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇಲ್ಲ ಅಂತ ಸರ್ಟಿಫಿಕೇಟ್ ಇದ್ದವರಿಗೆ, ಆಮೇಲೆ 85 ದಾಟಿದವರಿಗೆ, ಮನೆಯಲ್ಲೇ ಕೂತು ವೋಟು ಹಾಕುವ ಅವಕಾಶ ಇದೆಯಲ್ಲ. ಅಧಿಸೂಚನೆ ಬಂದ 5 ದಿನದೊಳಗೆ 12ಡಿ ಫಾರ್ಮ್ ತುಂಬಿ ಕೊಟ್ಟರೆ ಚುನಾವಣಾ ಸಿಬ್ಬಂದಿ ಮನೆಗೇ ಬರುತ್ತಾರೆ. ಬಿಸಿಲು ಬೇರೆ, ಸುಮ್ನೆ ಯಾಕೆ ಕಷ್ಟ, ಮನೆಯಲ್ಲೇ ಹಾಕಿ ಅಂತ ಅತ್ತೆಯ ವಾದ.

ಮಾವ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮನೆಗೆ ಬರುವುದು ಅಂಚೆ ಮತಪತ್ರ, ಅಂದ್ರೆ ಮಾಮೂಲಿ ಅಚ್ಚಾದ ಕಾಗದ. ಅದರಲ್ಲಿ ಹೆಸರಿನ ಮುಂದೆ ಪೆನ್ನಿನಲ್ಲಿ ಗುರುತು ಹಾಕಬೇಕು. ಕಾಗದದ ಮೇಲೆ ಮುಟ್ಟಿ ತಿಳಿಯುವಂಥದ್ದು ಏನೂ ಇಲ್ಲ, ಹಾಗಾಗಿ ಕಾಣದವರು ಅಲ್ಲಿ ಇನ್ನೊಬ್ಬರ ಕೈಯಲ್ಲೇ ಗುರುತು ಹಾಕಿಸಬೇಕು. ಬೂತಿನಲ್ಲಾದರೆ ಯಂತ್ರದ ಮೇಲೆ ಬ್ರೈಲ್ ಚುಕ್ಕೆ ಇರುತ್ತದೆ. ಕಾಲಿಗೆ ತೊಂದರೆ ಇದ್ದವರಿಗೆ, ಹಾಸಿಗೆ ಹಿಡಿದವರಿಗೆ ಮನೆ ವೋಟು ದೊಡ್ಡ ಉಪಕಾರವೇ. ನಮ್ಮ ಮಾವನಿಗೆ ಮಾತ್ರ ಮನೆಗಿಂತ ಬೂತಿನಲ್ಲೇ ಸ್ವಾತಂತ್ರ್ಯ ಜಾಸ್ತಿ. ಮತ್ತೆ, ಒಮ್ಮೆ ಮನೆ ವೋಟಿಗೆ ಹೆಸರು ಕೊಟ್ಟು ಅದು ಮಂಜೂರಾಯಿತೆಂದರೆ ಬೂತಿಗೆ ಹೋಗಿ ಹಾಕಲು ಬಿಡುವುದಿಲ್ಲ. ಮಾವ ಆ ಫಾರ್ಮ್ ಮುಟ್ಟಲೇ ಇಲ್ಲ.

ಬೆಳಿಗ್ಗೆ ಎಂಟೂವರೆಗೆ ಹೊರಟೆವು. ನಾನೂ ಮಾವನೂ ಒಂದೇ ಬೂತು, ಒಂದು ಶಾಲೆಯ ನೆಲಮಹಡಿಯ ತರಗತಿ ಕೋಣೆ. ಸಾಲು ಗೇಟು ದಾಟಿ ಹೊರಗೆ ಬಂದಿತ್ತು. ಬಿಳಿ ಕೋಲು ನೋಡಿ ಪೊಲೀಸಿನವರು ಪಾಪ, ನಮ್ಮನ್ನು ನೇರ ಮುಂದೆ ಕಳಿಸಿದರು. ಕೋಣೆಗೆ ಹತ್ತಲು ಮೂರು ಮೆಟ್ಟಿಲು, ಅದರ ಮೇಲೊಂದು ಹಲಗೆ ಇಟ್ಟು ರ‍್ಯಾಂಪ್ ಅಂತ ಮಾಡಿದ್ದರು. ಮೆಟ್ಟಿಲು ಒಂದೊಂದು ಸುಮಾರು ಆರು ಇಂಚು, ಒಟ್ಟು ಹದಿನೆಂಟು ಇಂಚು ಎತ್ತರ. ಇಂಥ ರ‍್ಯಾಂಪು ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ಇರಬೇಕು, ಅಂದ್ರೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಆ ಲೆಕ್ಕಕ್ಕೆ ಹದಿನೆಂಟು ಅಡಿ ಉದ್ದದ ರ‍್ಯಾಂಪ್ ಬೇಕಿತ್ತು. ಅಲ್ಲಿದ್ದದ್ದು ಆರಡಿ ಹಲಗೆ. ನಮ್ಮ ಮುಂದೆ ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಜ್ಜಿಯನ್ನು ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿಯೇ ಒಳಗಿಟ್ಟರು. ಹಲಗೆ ಫೋಟೋಕ್ಕೆ ಮಾತ್ರ. ಮಾವ ಕೋಲಿನಿಂದ ಅದನ್ನು ಎರಡು ಸಲ ತಟ್ಟಿ, ಇದು ಬೇಡ ಅಂತ ಪಕ್ಕದ ಮೆಟ್ಟಿಲು ಹತ್ತಿದರು.

ಒಳಗೆ ಮೊದಲ ಮೇಜಿನವರು ಪಟ್ಟಿಯಲ್ಲಿ ಹೆಸರು ನೋಡಿದರು. ಎರಡನೇ ಮೇಜಿನವರು ನನ್ನನ್ನು ನೋಡಿ ಬಲಗೈ ಕೊಡಿ ಅಂದರು. ನಾನು ಜೊತೆಗಾರ ಅಂತ ಅವರೇ ತೀರ್ಮಾನಿಸಿ ಆಗಿತ್ತು! ಮಾವ ಹಿಂದಿಯಲ್ಲಿ, ನಾನು ಒಬ್ಬನೇ ಹಾಕ್ತೇನೆ, ಬ್ರೈಲ್ ಹಾಳೆ ಕೊಡಿ ಅಂದರು. ಕೋಣೆಯಲ್ಲಿ ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಿಸೈಡಿಂಗ್ ಆಫೀಸರ್ ಎದ್ದು ಬಂದು, "ಕಾಕಾ, ಹುಡುಗ ಇದ್ದಾನಲ್ಲ, ಅವನೇ ಒತ್ತಲಿ, ಬೇಗ ಆಗುತ್ತೆ" ಅಂದರು. ಒಳ್ಳೆಯ ಮನುಷ್ಯರೇ, ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಜೊತೆಗಾರ ಅನ್ನುವುದು ತಾನೇ ಗುರುತು ತಿಳಿಯಲಾರದ, ಇಲ್ಲವೇ ತಾನೇ ಗುಂಡಿ ಒತ್ತಲಾರದ ಮತದಾರನಿಗೆ ಸಿಗುವ ಸಹಾಯ. ಕಣ್ಣಿಲ್ಲದವರೆಲ್ಲ ಕರೆದುಕೊಂಡೇ ಹೋಗಬೇಕು ಅಂತ ಅಲ್ಲ. ಮಾವ ಇದನ್ನೇ ಮೆಲ್ಲಗೆ, ನಲವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ ದನಿಯಲ್ಲಿ ಹೇಳಿದರು.

ಹಾಳೆ ಹುಡುಕಲು ಶುರುವಾಯಿತು. ಒಂದು ಚೀಲ, ಇನ್ನೊಂದು ಚೀಲ, ಲಕೋಟೆಗಳ ಕಟ್ಟು. ಕೊನೆಗೆ ಎಲ್ಲದರ ಅಡಿಯಿಂದ ಹೊರಬಂತು, ನಡುವೆ ಮಡಚಿದ ದಪ್ಪ ಕಾಗದ. ಇದು ಬರೀ ನೋಡಲಿಕ್ಕೆ ಇರುವ ನಕಲು ಮತಪತ್ರ. ಕ್ರಮಸಂಖ್ಯೆ, ಅಭ್ಯರ್ಥಿಯ ಹೆಸರು, ಪಕ್ಷ, ಎಲ್ಲವೂ ಬ್ರೈಲಿನಲ್ಲಿ. ಯಂತ್ರದ ಮೇಲೆ ಹೆಸರುಗಳು ಬ್ರೈಲಿನಲ್ಲಿ ಇರುವುದಿಲ್ಲ, ಸಂಖ್ಯೆ ಮಾತ್ರ. ಹಾಗಾಗಿ ಹೊರಗೆ ಈ ಹಾಳೆ ಓದಿ, ತನಗೆ ಬೇಕಾದವರ ನಂಬರ್ ನೆನಪಿಟ್ಟುಕೊಂಡು, ಹಾಳೆ ವಾಪಸ್ ಕೊಟ್ಟು ಒಳಗೆ ಹೋಗಬೇಕು. ನಂಬರ್ ನಾನೇ ಹೇಳಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಹೇಳಬಹುದಿತ್ತು. ಆದರೆ ಆಗ ಮತ್ತೆ ನನ್ನನ್ನು ನಂಬಬೇಕು, ಅಲ್ವಾ?

ನನಗೆ ಇನ್ನೊಂದು ಹೆದರಿಕೆ ಇತ್ತು. ಹಾಳೆ ಮರಾಠಿಯದ್ದು. ಮಾವನಿಗೆ ಮರಾಠಿ ಮಾತಾಡಲು ಬರುತ್ತದೆ, ಆದರೆ ಓದಿದ್ದು ಊರಲ್ಲಿ, ಅಂಧರ ಶಾಲೆಯಲ್ಲಿ, ಕನ್ನಡ ಬ್ರೈಲ್. ಅವರು ಕುರ್ಚಿ ಎಳೆದು ಕೂತು, ಹಾಳೆ ಮಡಿಲ ಮೇಲೆ ಹರಡಿ, ಎರಡೂ ತೋರುಬೆರಳು ಓಡಿಸಿ ಓದಲು ತೊಡಗಿಯೇ ಬಿಟ್ಟರು. ಆಮೇಲೆ ಕೇಳಿದ್ದಕ್ಕೆ ವಿವರಿಸಿದರು. ನಮ್ಮ ದೇಶದ ಭಾಷೆಗಳಿಗೆಲ್ಲ ಇರುವುದು ಭಾರತಿ ಬ್ರೈಲ್ ಅನ್ನುವ ಒಂದೇ ಲಿಪಿ, ಅಕ್ಷರ ಕೂರುವುದು ಉಚ್ಚಾರದ ಮೇಲೆ. ಕ ಅಂದ್ರೆ ಎಡಸಾಲಿನ ಮೇಲಿನ ಚುಕ್ಕೆ ಮತ್ತು ಕೆಳಗಿನ ಚುಕ್ಕೆ, ಅದು ಕನ್ನಡಕ್ಕೂ ಅದೇ, ಮರಾಠಿಗೂ ಅದೇ. ಮೂವತ್ತು ವರ್ಷ ಮುಂಬೈಯಲ್ಲಿದ್ದೂ ನಮ್ಮತ್ತೆ ಇವತ್ತಿಗೂ ಬಸ್ಸಿನ ಮೇಲಿನ ಮರಾಠಿ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಮಾವ ಮರಾಠಿ ಹೆಸರುಗಳನ್ನು ಸಲೀಸಾಗಿ ಓದಿ ಮುಗಿಸಿದರು.

ಸಲೀಸಾಗಿ ಅಂದೆ, ಪೂರ್ತಿ ಅಲ್ಲ. ಮಡಿಕೆ ಬಿದ್ದ ಜಾಗದಲ್ಲಿ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಚೀಲದ ಭಾರಕ್ಕೆ ಅಲ್ಲಿ ಒಂದು ಸಾಲಿನ ಚುಕ್ಕೆಗಳು ಚಪ್ಪಟೆಯಾಗಿದ್ದವು. ನನ್ನ ಕಣ್ಣಿಗೆ ಚುಕ್ಕೆ ಚೆನ್ನಾಗಿಯೇ ಕಾಣುತ್ತಿತ್ತು, ನೆರಳೂ ಬೀಳುತ್ತಿತ್ತು. ಬೆರಳಿಗೆ ಮಾತ್ರ ಅಲ್ಲಿ ಬರೀ ಕಾಗದ. ಬ್ರೈಲ್ ಹಾಳೆಯ ಮೇಲೆ ಭಾರ ಇಡಬಾರದು ಅನ್ನುವುದು ಪ್ಯಾಕ್ ಮಾಡಿದವರಿಗೆ ಗೊತ್ತಿರಲಿಲ್ಲವೋ ಏನೋ. ಪುಣ್ಯಕ್ಕೆ ಮಾವನಿಗೆ ಬೇಕಾದ ಹೆಸರು ಅದಾಗಿರಲಿಲ್ಲ. ಆಗಿದ್ದರೂ ಮೇಲಿನ ಮತ್ತು ಕೆಳಗಿನ ನಂಬರ್ ನೋಡಿ ಲೆಕ್ಕ ಹಾಕಬಹುದಿತ್ತು ಅಂದರು.

ನಮ್ಮ ಕ್ಷೇತ್ರದಲ್ಲಿ 15 ಅಭ್ಯರ್ಥಿಗಳು, ಕೊನೆಗೆ ನೋಟಾ, ಒಟ್ಟು 16. ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ ಇರುವುದೂ ಸರಿಯಾಗಿ 16 ಗುಂಡಿ. ಒಬ್ಬ ಜಾಸ್ತಿ ನಿಂತಿದ್ದರೆ ಎರಡನೇ ಯಂತ್ರ ಜೋಡಿಸಬೇಕಾಗುತ್ತಿತ್ತು. ಆಗ ಮಾವ ಮೊದಲು ಯಾವ ಯಂತ್ರ ಎಲ್ಲಿದೆ ಅಂತ ಹುಡುಕಬೇಕಿತ್ತು. ಆ ತಾಪತ್ರಯ ತಪ್ಪಿತು.

ಆಫೀಸರ್ ಮಾವನನ್ನು ಮರೆಯವರೆಗೆ ಕರೆದುಕೊಂಡು ಹೋಗಿ, ಎಡಕ್ಕೆ ವಿವಿಪ್ಯಾಟ್, ಅದರ ಪಕ್ಕ ಬ್ಯಾಲೆಟ್ ಯೂನಿಟ್ ಅಂತ ಹೇಳಿ ಹಿಂದೆ ಬಂದರು. ನಾನು ಬಾಗಿಲ ಹತ್ತಿರ ನಿಂತೆ. ಒಳಗೆ ಏನು ನಡೆಯಿತು ಅನ್ನುವುದು ಆಮೇಲೆ ಮಾವ ಹೇಳಿದ್ದು. ಪ್ರತಿ ನೀಲಿ ಗುಂಡಿಯ ಬಲಕ್ಕೆ ಬ್ರೈಲ್ ಸಂಖ್ಯೆ ಇರುತ್ತದೆ. ಬಲಗೈ ಬೆರಳಿನಿಂದ ಮೇಲಿನಿಂದ ಕೆಳಗೆ ಸಂಖ್ಯೆ ಓದುತ್ತಾ ಬಂದು, ಬೇಕಾದ್ದು ಸಿಕ್ಕಿದ ಕೂಡಲೇ ಆ ಬೆರಳನ್ನು ಅಲ್ಲೇ ಇಟ್ಟು, ಎಡಗೈ ಬೆರಳಿನಿಂದ ಪಕ್ಕದ ಗುಂಡಿ ಒತ್ತಿದರಂತೆ. ಬೆರಳು ಎತ್ತಿದರೆ ಸಾಲು ತಪ್ಪುತ್ತದೆ.

ಒತ್ತಿದರು. ಸದ್ದೇ ಇಲ್ಲ.

ಒಂದು, ಎರಡು, ಐದು, ಹತ್ತು ಸೆಕೆಂಡು. ಏನೂ ಇಲ್ಲ. ಮಾವ ಅಲ್ಲಿಂದಲೇ "ಆಗ್ತಾ ಇಲ್ಲ" ಅಂತ ಕೂಗಿದರು. ಮೂರನೇ ಮೇಜಿನ ಹುಡುಗಿ ನಾಲಿಗೆ ಕಚ್ಚಿಕೊಂಡಳು. ಅವಳ ಮುಂದಿದ್ದ ಕಂಟ್ರೋಲ್ ಯೂನಿಟ್ಟಿನಲ್ಲಿ ಬ್ಯಾಲೆಟ್ ಗುಂಡಿ ಒತ್ತಿದರೆ ಮಾತ್ರ ಒಳಗಿನ ಯಂತ್ರ ಒಂದು ವೋಟಿಗೆ ತೆರೆದುಕೊಳ್ಳುತ್ತದೆ. ಈ ಗಲಾಟೆಯಲ್ಲಿ ಅವಳು ಒತ್ತಿಯೇ ಇರಲಿಲ್ಲ. ಕಾಣುವವರಿಗೆ ಯಂತ್ರದ ಮೇಲೆ ಹಸಿರು ದೀಪ ಹತ್ತಿದ್ದು ಕಾಣುತ್ತದೆ, ಹತ್ತದಿದ್ದರೆ ಕಾಯುತ್ತೇವೆ. ಆ ದೀಪಕ್ಕೆ ಸದ್ದಿಲ್ಲ. "ಈಗ ಒತ್ತಿ ಕಾಕಾ" ಅಂದಳು. ಸಂಖ್ಯೆಯ ಮೇಲಿನ ಬೆರಳು ತೆಗೆದಿರಲಿಲ್ಲವಂತೆ, ಹಾಗಾಗಿ ಮತ್ತೆ ಹುಡುಕುವ ಕೆಲಸ ಇರಲಿಲ್ಲ. ಒತ್ತಿದರು. ಮತ್ತೆ ಸುಮ್ಮನೆ. ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡು ನಿಂತು, ಕತ್ತರಿಸಿ ಪೆಟ್ಟಿಗೆಗೆ ಬೀಳುತ್ತದೆ, ಆಮೇಲೆಯೇ ಬೀಪ್. ಮೊದಲ ಸಲ ಬೀಪ್ ಬರದೆ ಹೆದರಿದ ಮನುಷ್ಯನಿಗೆ ಆ 7 ಸೆಕೆಂಡು ಏಳು ನಿಮಿಷ. ಬಾಗಿಲಲ್ಲಿ ನಿಂತ ನನಗೂ.

ಬೀಪ್ ಬಂತು, ಉದ್ದಕ್ಕೆ.

ಹೊರಗೆ ಬಂದ ಮೇಲೆ ಮರದ ನೆರಳಲ್ಲಿ ನಿಂತು ನಾನು ಆ ಚೀಟಿ ವಿಷಯ ಎತ್ತಿದೆ. ಗಾಜಿನ ಹಿಂದೆ ಬಂದದ್ದು ಯಾವ ಹೆಸರು ಅಂತ ನಿಮಗೆ ಗೊತ್ತಾಗಲ್ಲವಲ್ಲ ಮಾವ, ಅದಕ್ಕೇನು ಮಾಡೋದು? ಅದಕ್ಕೆ ಏನೂ ಇಲ್ಲ. ಚೀಟಿಯನ್ನು ಓದಿ ಹೇಳುವ ದನಿ ಆ ಯಂತ್ರಕ್ಕಿಲ್ಲ. ಚೀಟಿ ನೋಡಬೇಕು ಅಂದ್ರೆ ಕಣ್ಣಿರುವವರು ಒಳಗೆ ಬರಬೇಕು, ಬಂದರೆ ಗುಟ್ಟು ಹೋಯಿತು. ಎರಡರಲ್ಲಿ ಒಂದೇ ಸಿಗುವುದು. ಮಾವ ಗುಟ್ಟನ್ನು ಆರಿಸಿಕೊಂಡರು. ನನಗಾದರೆ ಯಾವುದು ಬೇಕಿತ್ತು ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ.

ಮಾಟುಂಗದಲ್ಲಿ ಇಡ್ಲಿ ತಿಂದು ಕಾಫಿ ಕುಡಿಯುವಾಗ ಸುಮ್ನೆ ಕೇಳಿದೆ, ಯಾರಿಗೆ ಹಾಕಿದ್ರಿ ಅಂತ. "2019ರಲ್ಲಿ ಹೇಳಿದ್ದೆನಲ್ಲ, ಈಗ ಯಾಕೆ?" ಅಂದರು.

ಅದೇ ನವೆಂಬರ್ 20ಕ್ಕೆ ವಿಧಾನಸಭೆ ಚುನಾವಣೆ ಬಂತು. ಈ ಸಲ ಸಿಬ್ಬಂದಿ ಬೇರೆ. ಬಾಗಿಲಲ್ಲೇ ನಿಂತು ಮೊದಲು ಬ್ರೈಲ್ ಹಾಳೆ ಹುಡುಕಿ ಇಡಿ ಅಂತ ಹೇಳಿದೆ. ಇದು ಕೂಡ ಚೀಲದ ಅಡಿಯಲ್ಲೇ ಇತ್ತು. ಮಡಚಿರಲಿಲ್ಲ ಅಷ್ಟೆ. ಮಾವ ಮೂರನೇ ಮೇಜಿನವರ ಹತ್ತಿರ ನಿಂತು, "ಒತ್ತಿದ ಕೂಡಲೇ ನನಗೆ ಬಾಯಲ್ಲಿ ಹೇಳಿ" ಅಂದು ಒಳಗೆ ಹೋದರು.